ಮೈಕ್ರೋಟ್ರೆಂಡ್ ಅಂದ್ರೆ ಚಿಕ್ಕ ಟ್ರೆಂಡ್ ಅಲ್ಲ

ಕೋಲಾರದಲ್ಲಿ ಒಂದು ಬಟ್ಟೆ ಅಂಗಡಿ ಮುಂದೆ ಬ್ಯಾನರ್ ಕಟ್ಟಿದ್ದಾರೆ: ‘ಮೈಕ್ರೋಟ್ರೆಂಡ್ ಕಲೆಕ್ಷನ್, ವರ್ಷವಿಡೀ ಲಭ್ಯ’. ಕೆಲವೇ ತಿಂಗಳಲ್ಲಿ ಬಂದು ಹೋಗುವ ಫ್ಯಾಷನ್‌ಗೆ ತಾನೇ ಆ ಹೆಸರು, ವರ್ಷವಿಡೀ ಸಿಗುವುದಾದರೆ ಅದು ಮೈಕ್ರೋಟ್ರೆಂಡ್ ಹೇಗಾದೀತು? ಇದನ್ನು ನೋಡಿ ಸುಮ್ಮನಿದ್ದೆ. ಆಮೇಲೆ ಒಬ್ಬರು ‘ಇಳಕಲ್ ಸೀರೆ ಈಗ ಮೈಕ್ರೋಟ್ರೆಂಡ್, ಉಡುವವರು ಕಮ್ಮಿ ಆಗಿದ್ದಾರಲ್ಲ’ ಅಂದರು. ಇನ್ನೊಬ್ಬರು ಸಣ್ಣ ಮೂಗುತಿಯನ್ನು ಮೈಕ್ರೋಟ್ರೆಂಡ್ ಅಂದರು. ಮೂಗುತಿ ಸಣ್ಣದು, ಅದಕ್ಕೆ ಮೈಕ್ರೋ! ಇಷ್ಟಾದ ಮೇಲೆ ಬರೆಯದೆ ಇರಲು ಆಗಲಿಲ್ಲ.

ಗೊಂದಲಕ್ಕೆ ಕಾರಣ ಇಲ್ಲದಿಲ್ಲ. ಈ ಪದವನ್ನು ಮನೆಮಾತು ಮಾಡಿದ್ದು ಬಟ್ಟೆಯವರಲ್ಲ, ಚುನಾವಣೆಯವರು. ಅಮೆರಿಕದ ಮತ ಸಮೀಕ್ಷೆಗಾರ ಮಾರ್ಕ್ ಪೆನ್ 2007ರಲ್ಲಿ ‘ಮೈಕ್ರೋಟ್ರೆಂಡ್ಸ್’ ಅನ್ನುವ ಪುಸ್ತಕ ತಂದರು. ಜನಸಂಖ್ಯೆಯ ಶೇಕಡಾ 1ರಷ್ಟು ಜನ ಒಂದು ಹೊಸ ರೀತಿಗೆ ತಿರುಗಿದರೂ ಅದು ದೇಶದ ದಿಕ್ಕು ಬದಲಿಸಬಲ್ಲದು ಅನ್ನುವುದು ಅವರ ವಾದ. ಅಮೆರಿಕದ ಲೆಕ್ಕದಲ್ಲಿ ಅದು ಸುಮಾರು 30 ಲಕ್ಷ ಜನ. ಅಂದರೆ ಅಲ್ಲಿ ‘ಮೈಕ್ರೋ’ ಅಳೆಯುತ್ತಿದ್ದದ್ದು ಗುಂಪಿನ ಗಾತ್ರವನ್ನು. ಎಷ್ಟು ಕಾಲ ಇರುತ್ತದೆ ಅನ್ನುವ ಮಾತೇ ಅದರಲ್ಲಿ ಇರಲಿಲ್ಲ. ಇಳಕಲ್ ಸೀರೆ ಮಾತು ಆಡಿದವರು ಗೊತ್ತಿಲ್ಲದೆಯೇ ಈ ಹಳೇ ಅರ್ಥಕ್ಕೆ ಸ್ವಲ್ಪ ಹತ್ತಿರ ಬಂದಿದ್ದರು.

ಫ್ಯಾಷನ್ ಬಗ್ಗೆ ಬರೆಯುವವರ ಕೈಗೆ ಸಿಕ್ಕ ಮೇಲೆ ಪದ ತಿರುಗಿ ನಿಂತಿತು. ಈಗ ‘ಮೈಕ್ರೋ’ ಅಳೆಯುವುದು ಆಯಸ್ಸನ್ನು. ಕೋಟಿ ಜನ ಹಾಕಿದರೂ ಕೆಲವೇ ತಿಂಗಳಲ್ಲಿ ಬಂದು ಹೋದರೆ ಅದು ಮೈಕ್ರೋಟ್ರೆಂಡ್. ಮೂರು ಸಾವಿರ ಜನ ಮೂವತ್ತು ವರ್ಷ ಉಟ್ಟರೆ ಅದು ಮೈಕ್ರೋಟ್ರೆಂಡ್ ಅಲ್ಲ. ಇದೊಂದು ತಲೆಯಲ್ಲಿ ಉಳಿದರೆ ಸಾಕು.

ಫರ್ಶಿ ಸಲ್ವಾರ್ ತಗೊಳ್ಳಿ. ಕೋಲಾರದವರಿಗೆ ಇದನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ, ಉರ್ದು ಮನೆಮಾತಿನವರು ಇಲ್ಲಿ ಜಾಸ್ತಿ. ಫರ್ಶ್ ಅಂದರೆ ನೆಲ. ನೆಲಕ್ಕೆ ತಾಕುವಷ್ಟು ಉದ್ದ, ಕಾಲಿನ ಹತ್ತಿರ ಅಗಲ, ಮೇಲೆ ಗಿಡ್ಡ ಕುರ್ತಾ. ನೆಲ ಗುಡಿಸುವ ಇಂಥ ಉಡುಪು ಅವಧ್‌ನ ನವಾಬರ ಮನೆ ಹೆಂಗಸರ ಕಾಲದಿಂದಲೂ ಇದೆ. 2025ರ ಈದ್ ಮಾರ್ಚ್ 31ಕ್ಕೆ ಬಂತು. ಅದಕ್ಕೆ ಒಂದೆರಡು ತಿಂಗಳು ಮೊದಲಿನಿಂದ ಪಾಕಿಸ್ತಾನದ ಉಡುಪುಗಳ ವಿಡಿಯೋಗಳ ಜೊತೆ ಫರ್ಶಿ ನಮ್ಮ ಫೋನುಗಳಿಗೆ ನುಗ್ಗಿತು. ಯಾವ ರೀಲ್ ತೆಗೆದರೂ ಅದೇ.

ಹೀಗೆ ನುಗ್ಗುವುದಕ್ಕೆ ಒಂದು ದಾರಿ ಇದೆ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಜುಲೈನಲ್ಲೇ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ಶುರು ಮಾಡಿತು. ಅಲ್ಲಿಯವರೆಗೆ ನಾವು ಫಾಲೋ ಮಾಡುವವರ ಫೋಟೋ ಮಾತ್ರ ಜಾಸ್ತಿ ಕಾಣುತ್ತಿತ್ತು. ರೀಲ್ಸ್ ಹಾಗಲ್ಲ. ಒಂದು ವಿಡಿಯೋವನ್ನು ಮೊದಲು ಸ್ವಲ್ಪ ಜನರಿಗೆ ತೋರಿಸುತ್ತದೆ. ಅವರು ಕೊನೆವರೆಗೂ ನೋಡಿದರಾ, ಇನ್ನೊಬ್ಬರಿಗೆ ಕಳಿಸಿದರಾ ಅಂತ ಗಮನಿಸಿ, ಹೌದಾದರೆ ಗುರುತು ಪರಿಚಯ ಇಲ್ಲದ ಇನ್ನಷ್ಟು ಜನರ ಮುಂದೆ ಇಡುತ್ತದೆ. ವಿಡಿಯೋ ಮಾಡುವವರೂ ಇದನ್ನೇ ಕಾಯುತ್ತಿರುತ್ತಾರೆ. ಯಾವುದು ಓಡುತ್ತಿದೆಯೋ ಅದೇ ಹಾಡು, ಅದೇ ತಿರುಗು, ಅದೇ ಸಲ್ವಾರ್. ಇದರಲ್ಲಿ ಹೆಸರಿನ ಪಾತ್ರ ದೊಡ್ಡದು. ‘ಅಗಲ ಕಾಲಿನ ಉದ್ದ ಪೈಜಾಮ’ ಅಂತ ಯಾರೂ ಹುಡುಕುವುದಿಲ್ಲ. ‘ಫರ್ಶಿ’ ಅಂತ ಒಂದು ಹೆಸರು ಬಿದ್ದ ಕೂಡಲೇ ಹುಡುಕಬಹುದು, ಹ್ಯಾಶ್‌ಟ್ಯಾಗ್ ಹಾಕಬಹುದು, ಅಂಗಡಿಯಲ್ಲಿ ಕೇಳಬಹುದು. ಹೆಸರಿಲ್ಲದ ಮೈಕ್ರೋಟ್ರೆಂಡ್ ಅನ್ನು ನಾನಂತೂ ಇನ್ನೂ ನೋಡಿಲ್ಲ.

ಇನ್ನು ಮಾಲಿನ ಕಥೆ. ಸೂರತ್‌ನಲ್ಲಿ ಕಾಪಿ ತಯಾರಾಗುತ್ತದೆ, ವಾಟ್ಸಾಪ್ ಗುಂಪುಗಳಲ್ಲಿ ಫೋಟೋ ಹರಿದಾಡುತ್ತದೆ, ಚಿಕ್ಕಪೇಟೆ ಹೋಲ್‌ಸೇಲ್‌ನವರು ಬಂಡಲ್ ಇಳಿಸಿಕೊಳ್ಳುತ್ತಾರೆ, ಅಲ್ಲಿಂದ ಕೋಲಾರಕ್ಕೆ. ಪರಿಚಯದ ಅಂಗಡಿಯವರೊಬ್ಬರು ಹಬ್ಬಕ್ಕೆ ಮೊದಲು ತಂದ ಫರ್ಶಿ ಸೆಟ್‌ಗಳು ಬಂದ ಹಾಗೇ ಖಾಲಿಯಾದವು. ಧೈರ್ಯ ಬಂದು ಡಬಲ್ ಆರ್ಡರ್ ಕೊಟ್ಟರು. ಎರಡನೇ ಬಂಡಲ್ ಬರುವ ಹೊತ್ತಿಗೆ ಈದ್ ಮುಗಿದಿತ್ತು. ಪಕ್ಕದ ನಾಲ್ಕು ಅಂಗಡಿಯಲ್ಲೂ ಅದೇ ಗೊಂಬೆಗೆ ಅದೇ ಸೆಟ್, ತೆಳು ಬಟ್ಟೆ, ಅರ್ಧ ರೇಟು. ಜುಲೈ 2023ರಲ್ಲಿ ನಮ್ಮ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತಲ್ಲ, ಆ ರೇಟು ನೋಡಿ ನಾಟಿ ಹಾಕಿದವರಿಗೂ ಹೀಗೇ ಆಗಿದ್ದು. ಬೆಳೆ ಕೈಗೆ ಬರಲು ಎರಡು ತಿಂಗಳ ಮೇಲೆ ಬೇಕು. ಸೆಪ್ಟೆಂಬರ್‌ಗೆ ಎಲ್ಲರ ಮಾಲೂ ಒಟ್ಟಿಗೆ ಬಂದು ರೇಟು ನೆಲ ಕಚ್ಚಿತು. ತೋಟದಲ್ಲಿ ಆ ಅಂತರವನ್ನು ಕಮ್ಮಿ ಮಾಡಲು ಆಗುವುದಿಲ್ಲ. ಬಟ್ಟೆಯಲ್ಲಿ ವರ್ಷ ವರ್ಷ ಕಮ್ಮಿ ಆಗುತ್ತಿದೆ. ಅದಕ್ಕೇ ಏರುವುದೂ ಬೇಗ, ಇಳಿಯುವುದೂ ಬೇಗ.

ಇಷ್ಟಕ್ಕೂ ಹೊಸ ಬಟ್ಟೆ, ಇನ್ನೂ ಒಂದು ಸಲ ಒಗೆದೂ ಇಲ್ಲ, ಅದು ಯಾಕೆ ಹಳೇದು ಅನ್ನಿಸಬೇಕು? ಜೇಮ್ಸ್ ಲೇವರ್ ಅನ್ನುವ ಇಂಗ್ಲಿಷ್ ವಸ್ತ್ರ ಇತಿಹಾಸಕಾರರು 1937ರಲ್ಲಿ ಒಂದು ತಮಾಷೆಯ ಕಾಲಪಟ್ಟಿ ಮಾಡಿದ್ದರು. ಒಂದು ಉಡುಪು ಅದರ ಕಾಲ ಮುಗಿದ ಒಂದು ವರ್ಷಕ್ಕೆ ಕಳೆಗೆಟ್ಟ ಹಾಗೆ ಕಾಣುತ್ತದೆ, ಹತ್ತು ವರ್ಷಕ್ಕೆ ಅಸಹ್ಯ, ನೂರು ವರ್ಷಕ್ಕೆ ಮತ್ತೆ ರಮ್ಯ, ನೂರೈವತ್ತಕ್ಕೆ ಸುಂದರ. ನವಾಬರ ಕಾಲದ ಫರ್ಶಿ ರಮ್ಯವಾಗಿ ವಾಪಸ್ ಬಂದದ್ದು ಈ ಪಟ್ಟಿಗೆ ಸರಿಯಾಗಿ ಕೂರುತ್ತದೆ. ಕೂರದೇ ಇರುವುದು ‘ಒಂದು ವರ್ಷ’ ಅನ್ನುವ ಭಾಗ. ಮೊದಲು ಸಿನಿಮಾದಲ್ಲಿ ಒಂದು ಸೀರೆ ನೋಡಿ, ಯಾವುದೋ ಮದುವೆಯಲ್ಲಿ ಇನ್ನೊಬ್ಬರು ಉಟ್ಟಿದ್ದು ನೋಡಿ, ಆಮೇಲೆ ನಾವು ಕೊಳ್ಳುತ್ತಿದ್ದೆವು. ಕೊಂಡ ಮೇಲೂ ಅದನ್ನು ಕಣ್ಣು ತುಂಬ ನೋಡುವುದು ಬಾಕಿ ಇರುತ್ತಿತ್ತು. ಈಗ ಕೊಳ್ಳುವ ಮೊದಲೇ ನೂರಾರು ಸಲ ನೋಡಿ ಆಗಿರುತ್ತದೆ. ಬಟ್ಟೆ ಹೊಸದು, ಕಣ್ಣಿಗೆ ಹಳೇದು.

ಇನ್ನೊಂದು ಕಾರಣವೂ ಇದೆ. ಬೇರೆ ಬೇರೆ ಜನ ಹಾಕಿದ ಒಂದೇ ಥರದ ಸಾವಿರ ವಿಡಿಯೋಗಳು ಸೇರಿ ಆ ಬಟ್ಟೆಗೆ ಒಂದು ತಾರೀಖು ಒತ್ತಿಬಿಡುತ್ತವೆ. ಅದನ್ನು ಡಿಸೆಂಬರ್‌ನಲ್ಲಿ ಹಾಕಿ ಫೋಟೋ ಹಾಕಿದರೆ ‘ಓ, ಆ ಈದ್‌ದು’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಸುಮ್ನೆ ಕಪ್ಪು ಪ್ಯಾಂಟಿಗೆ ಹೀಗೆ ಯಾರೂ ತಿಂಗಳು ಹೇಳುವುದಿಲ್ಲ. ಆದರೆ ಈ ತಾರೀಖು ಕಾಣುವುದು ಆ ರೀಲ್ಸ್ ನೋಡಿದವರಿಗೆ ಮಾತ್ರ. ಮುಳಬಾಗಿಲಿನ ಅಜ್ಜಿಗೆ ಫರ್ಶಿ ಹೋದ ವರ್ಷವೂ ಹಳೇದಲ್ಲ, ಈ ವರ್ಷವೂ ಅಲ್ಲ. ಅವರು ಅದನ್ನು ಚಿಕ್ಕವಯಸ್ಸಿನಿಂದ ಕೇಳಿ ಬಲ್ಲರು.

ಟ್ರೆಂಡ್ ಯಾವುದು, ಮೈಕ್ರೋಟ್ರೆಂಡ್ ಯಾವುದು ಅಂತ ಹೇಳಲು ನಾನು ಮಾಡುವುದಿಷ್ಟು: ಹೆಸರು ತೆಗೆದು ಬರೀ ಆಕಾರ ನೋಡುತ್ತೇನೆ. ಕಾಲಿಗೆ ಅಂಟಿಕೊಂಡಿದ್ದ ಜೀನ್ಸ್ ಹೋಗಿ ಸಡಿಲ ಪ್ಯಾಂಟ್ ಬಂದದ್ದು ಟ್ರೆಂಡ್. ಅದು ವರ್ಷಗಳಿಂದ ನಡೆಯುತ್ತಿದೆ, ಪಲಾಝೋ, ಕಾರ್ಗೋ, ಪ್ಯಾರಾಚೂಟ್ ಪ್ಯಾಂಟ್ ಅಂತ ಹೆಸರು ಬದಲಾಯಿಸುತ್ತ ಹೋಯಿತು ಅಷ್ಟೇ. ಫರ್ಶಿಯ ಅಗಲವೂ ಅದರದ್ದೇ ಒಂದು ಅಲೆ. ಅಂಗಡಿಯವರು ಇದನ್ನು ನನಗಿಂತ ಬೇಗ ಹಿಡಿದರು. ಉಳಿದ ಬಂಡಲ್ ಅನ್ನು ಟೈಲರ್ ಹತ್ತಿರ ಕೊಟ್ಟು, ಕೆಳಗಿನ ಲೇಸ್ ಬಿಚ್ಚಿಸಿ, ಉದ್ದ ಸ್ವಲ್ಪ ಕತ್ತರಿಸಿ, ಅಂಚು ಮಡಚಿ ಹೊಲಿಸಿದರು. ಕುರ್ತಾ ಬೇರೆ ಮಾಡಿ, ಕೆಳಗಿನದಕ್ಕೆ ‘ಪಲಾಝೋ’ ಅಂತ ಚೀಟಿ ಅಂಟಿಸಿದರು. ಕಾಲೇಜಿಗೆ, ಕೆಲಸಕ್ಕೆ ಹೋಗುವವರು ಕೊಂಡರು.