ಡಬ್ಬದ ಮೇಲಿನ 5ಜಿ ನಿಮ್ಮ ಸಿಮ್‌ಗೆ ಹೊಂದುತ್ತಾ?

2024ರ ನವೆಂಬರ್‌ನಲ್ಲಿ ರೆಡ್ಮಿ ಎ4 5ಜಿ ಎಂಬ ಫೋನ್ ಮಾರುಕಟ್ಟೆಗೆ ಬಂತು. ಬೆಲೆ 8,499 ರೂಪಾಯಿಯಿಂದ ಶುರು. ಅಷ್ಟು ಕಡಿಮೆಗೆ 5ಜಿ ಫೋನ್ ಸಿಗುವುದು ಆಗ ಅಪರೂಪ. ಆದರೆ ಅದಕ್ಕೆ ಏರ್‌ಟೆಲ್ ಸಿಮ್ ಹಾಕಿದರೆ 5ಜಿ ಬರುತ್ತಿರಲಿಲ್ಲ. ಫೋನ್ ಕೆಟ್ಟಿರಲಿಲ್ಲ. ಎದುರಿಗೇ ಏರ್‌ಟೆಲ್‌ನ 5ಜಿ ಟವರ್ ಇದ್ದರೂ ಫೋನ್ 4ಜಿಯಲ್ಲೇ ಉಳಿಯುತ್ತಿತ್ತು. ಅದೇ ಫೋನಿಗೆ ಜಿಯೋ ಸಿಮ್ ಹಾಕಿದರೆ 5ಜಿ ಬರುತ್ತಿತ್ತು.

ಕಾರಣ ಫೋನಿನ ವಿವರಗಳ ಪಟ್ಟಿಯ ಒಂದು ಸಾಲಿನಲ್ಲಿದೆ: 5ಜಿಯಲ್ಲಿ ಎಸ್‌ಎ, ಎನ್‌ಎಸ್‌ಎ ಎಂದು ಎರಡು ಬಗೆ, ಅದು ಎಸ್‌ಎ 5ಜಿ ಮಾತ್ರ ಬಲ್ಲ ಫೋನ್. ಏರ್‌ಟೆಲ್ ಆಗ ಮೊಬೈಲ್‌ಗಳಿಗೆ ಕೊಡುತ್ತಿದ್ದದ್ದು ಎನ್‌ಎಸ್‌ಎ 5ಜಿ. ಕಂಪನಿ ಇದನ್ನು ಮುಚ್ಚಿಡಲಿಲ್ಲ, ನಿಜ. ಆದರೆ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಫೋನ್ ಕೊಳ್ಳುವವರಲ್ಲಿ ಎಷ್ಟು ಜನ ಆ ಸಾಲನ್ನು ಓದುತ್ತಾರೆ? ಅದನ್ನು ಓದಬೇಕು. ಯಾಕೆ ಅನ್ನುವುದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊಬೈಲ್ ನೆಟ್‌ವರ್ಕ್‌ನಲ್ಲಿ ಎರಡು ದೊಡ್ಡ ಭಾಗಗಳಿವೆ. ಒಂದು, ಟವರ್ ಮೇಲಿನ ರೇಡಿಯೊ. ನಮ್ಮ ಫೋನ್ ಮಾತಾಡುವುದು ಇದರ ಜೊತೆ. ಇನ್ನೊಂದು ಕೋರ್. ಅದು ಎಲ್ಲೋ ದೂರದ ಡೇಟಾ ಸೆಂಟರ್‌ನಲ್ಲಿರುತ್ತದೆ. ಈ ಸಿಮ್ ಯಾರದು, ಪ್ಲಾನ್ ಯಾವುದು, ಕರೆ ಎಲ್ಲಿಗೆ ಹೋಗಬೇಕು, ಡೇಟಾ ಎಷ್ಟು ಖರ್ಚಾಯಿತು ಎಂಬುದನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ಎಸ್‌ಎ, ಅಂದರೆ ಸ್ಟ್ಯಾಂಡ್‌ಅಲೋನ್‌ನಲ್ಲಿ ರೇಡಿಯೊ, ಕೋರ್ ಎರಡೂ 5ಜಿ. 4ಜಿಯ ಹಂಗಿಲ್ಲದೆ ಅದು ಸ್ವಂತವಾಗಿ ನಿಂತಿದೆ. ಎನ್‌ಎಸ್‌ಎ, ಅಂದರೆ ನಾನ್-ಸ್ಟ್ಯಾಂಡ್‌ಅಲೋನ್‌ನಲ್ಲಿ ಕೋರ್ ಹಳೆಯ 4ಜಿಯದ್ದೇ. ಫೋನ್ ಮೊದಲು 4ಜಿ ಟವರನ್ನು ಹಿಡಿಯುತ್ತದೆ. ಆ 4ಜಿ ಟವರ್ 'ಹತ್ತಿರದಲ್ಲಿ 5ಜಿ ಇದೆ, ಅದನ್ನೂ ಸೇರಿಸಿಕೋ' ಎಂದಾಗ ಮಾತ್ರ 5ಜಿ ಕೊಂಡಿ ಜೋಡಿಸಿಕೊಳ್ಳುತ್ತದೆ. ಡೇಟಾದ ಬಹುಪಾಲು 5ಜಿಯಲ್ಲಿ ಬರುತ್ತದೆ, ಲಗಾಮು ಮಾತ್ರ 4ಜಿಯ ಕೈಯಲ್ಲಿರುತ್ತದೆ. ಅಲ್ಲಿ 4ಜಿ ಸಿಗ್ನಲ್ ಇಲ್ಲದಿದ್ದರೆ 5ಜಿಯೂ ಇಲ್ಲ.

ಹೀಗೆ ಎರಡು ದಾರಿ ಹುಟ್ಟಿದ್ದು ಅವಸರದಿಂದ. ಮೊಬೈಲ್ ತಂತ್ರಜ್ಞಾನದ ನಿಯಮ ಬರೆಯುವ 3ಜಿಪಿಪಿ ಎಂಬ ಜಾಗತಿಕ ಒಕ್ಕೂಟ ಎನ್‌ಎಸ್‌ಎ ನಿಯಮಗಳನ್ನು 2017ರ ಡಿಸೆಂಬರ್‌ನಲ್ಲೇ ಮುಗಿಸಿತು. ಪೂರ್ತಿ ಎಸ್‌ಎ ನಿಯಮಗಳು ಬಂದದ್ದು 2018ರ ಜೂನ್‌ನಲ್ಲಿ. ಕೋರ್ ಬದಲಿಸದೆ, ಇರುವ 4ಜಿ ಮೇಲೇ 5ಜಿ ರೇಡಿಯೊ ಕೂರಿಸಿ ಬೇಗ ಸೇವೆ ಶುರು ಮಾಡಬಹುದು ಅನ್ನುವುದು ಕಂಪನಿಗಳಿಗೆ ಬಹಳ ಹಿಡಿಸಿತು. 2019ರ ಏಪ್ರಿಲ್‌ನಲ್ಲಿ ದಕ್ಷಿಣ ಕೊರಿಯಾ 5ಜಿ ಶುರು ಮಾಡಿದ್ದು ಎನ್‌ಎಸ್‌ಎಯಲ್ಲೇ.

ಊರಿಂದಾಚೆ ಇರುವವರಿಗೆ ಎಸ್‌ಎ ಯಾಕೆ ಮುಖ್ಯ ಅನ್ನುವುದು ಸರಿಯಾಗಿ ಕಂಡದ್ದು ಅಮೆರಿಕದಲ್ಲಿ. ಅಲ್ಲಿನ ಟಿ-ಮೊಬೈಲ್ 2020ರ ಆಗಸ್ಟ್‌ನಲ್ಲಿ ಎಸ್‌ಎ ಶುರು ಮಾಡಿತು. ಅದರ 5ಜಿ ಓಡುತ್ತಿದ್ದದ್ದು 600 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಬಹಳ ದೂರ ಹೋಗುವ ತರಂಗದಲ್ಲಿ. ಎನ್‌ಎಸ್‌ಎ ಇದ್ದಾಗ ಅದು ಜೊತೆಗಿದ್ದ 4ಜಿ ತರಂಗ ತಲುಪಿದಷ್ಟು ದೂರ ಮಾತ್ರ ಕೆಲಸ ಮಾಡುತ್ತಿತ್ತು. ಆ ಹಂಗು ತಪ್ಪಿದ ಮೇಲೆ 5ಜಿ ವ್ಯಾಪ್ತಿ ಸುಮಾರು ಶೇ. 30ರಷ್ಟು ಹಿಗ್ಗಿತು ಎಂದು ಕಂಪನಿಯೇ ಹೇಳಿತು.

ನಮ್ಮಲ್ಲೂ ಕತೆ ತಿರುಗುವುದು ಇಂಥದ್ದೇ ಒಂದು ತರಂಗದ ಸುತ್ತ. ಭಾರತದಲ್ಲಿ 700 ಮೆಗಾಹರ್ಟ್ಸ್ ಬ್ಯಾಂಡನ್ನು 2016ರ ಹರಾಜಿಗೆ ಇಟ್ಟಾಗ ಒಬ್ಬರೂ ಕೊಳ್ಳಲಿಲ್ಲ. ದೇಶಪೂರ್ತಿಗೆ ಒಂದು ಮೆಗಾಹರ್ಟ್ಸ್‌ಗೆ 11,485 ಕೋಟಿ ರೂಪಾಯಿ ಮೂಲಬೆಲೆ ಇಟ್ಟಿದ್ದರು. 2021ರಲ್ಲೂ ಅದು ಹಾಗೇ ಉಳಿಯಿತು. 2022ರ ಹರಾಜಿನ ಹೊತ್ತಿಗೆ ಬೆಲೆ 3,927 ಕೋಟಿಗೆ ಇಳಿದಿತ್ತು. ಆಗ ಜಿಯೋ ದೇಶದ ಎಲ್ಲ 22 ಟೆಲಿಕಾಂ ವಲಯಗಳಲ್ಲೂ 10 ಮೆಗಾಹರ್ಟ್ಸ್ ಕೊಂಡಿತು. ಏರ್‌ಟೆಲ್ ಅದರ ಗೊಡವೆಗೆ ಹೋಗಲಿಲ್ಲ. ಗೋಡೆ ತೂರುವ, ದೂರ ಹೋಗುವ 900ರಂಥ ತರಂಗಗಳು ಅದರ ಬಳಿ ಆಗಲೇ ಇದ್ದವು. 5ಜಿ ವೇಗಕ್ಕೆ ಬೇಕಾದ 3300 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಮಾತ್ರ ಇಬ್ಬರೂ 100 ಮೆಗಾಹರ್ಟ್ಸ್ ತೆಗೆದುಕೊಂಡರು.

ಅಲ್ಲಿಂದ ದಾರಿ ಕವಲೊಡೆಯಿತು. 2022ರ ಅಕ್ಟೋಬರ್ 1ರಂದು 5ಜಿ ಉದ್ಘಾಟನೆ ಆದಾಗ ಏರ್‌ಟೆಲ್ ಬೆಂಗಳೂರೂ ಸೇರಿ ಎಂಟು ನಗರಗಳಲ್ಲಿ ಎನ್‌ಎಸ್‌ಎ ಶುರು ಮಾಡಿತು. ಜಿಯೋ ಅದೇ ತಿಂಗಳು ದಸರಾಕ್ಕೆ ಎಸ್‌ಎಯಲ್ಲಿ ಪ್ರಯೋಗ ಶುರು ಮಾಡಿತು, ನವೆಂಬರ್‌ನಲ್ಲಿ ಬೆಂಗಳೂರಿಗೆ ಬಂತು. ವೊಡಾಫೋನ್ ಐಡಿಯಾ ಬಹಳ ತಡವಾಗಿ, 2025ರಲ್ಲಿ, ಎನ್‌ಎಸ್‌ಎ ಹಿಡಿದು ಬಂತು. ಏರ್‌ಟೆಲ್ ಕೂಡ ಈಗ ಎಸ್‌ಎ ಕಡೆಗೆ ಸರಿಯುತ್ತಿದೆ. ಮನೆಗೆ ಕೊಡುವ ವೈರ್‌ಲೆಸ್ ಇಂಟರ್‌ನೆಟ್‌ಗೆ ಮೊದಲು ಬಳಸಿತು. ಆದರೆ ಅದು ಒಂದೇ ದಿನ ದೇಶಪೂರ್ತಿ ಆಗುವ ಕೆಲಸವಲ್ಲ. ಹಾಗಾಗಿ ನಿಮ್ಮ ಊರಿನ ಟವರ್ ಯಾವ ಹಂತದಲ್ಲಿದೆ ಎಂದು ನೋಡಿಯೇ ತಿಳಿಯಬೇಕು.

ಅಗ್ಗದ ಫೋನ್ ಎಸ್‌ಎ ಮಾತ್ರ ಇಟ್ಟುಕೊಂಡದ್ದು ಯಾಕೆ ಅಂತ ಈಗ ಗೊತ್ತಾಗುತ್ತದೆ. ಎನ್‌ಎಸ್‌ಎ ಬೇಕಾದರೆ ಫೋನ್ 4ಜಿ, 5ಜಿ ಎರಡು ಕೊಂಡಿಗಳನ್ನೂ ಒಂದೇ ಹೊತ್ತಿನಲ್ಲಿ ನಡೆಸಬೇಕು. ಆ ಕೆಲಸ ಕೈಬಿಟ್ಟರೆ ಫೋನ್ ಮಾಡುವ ಖರ್ಚು ಇಳಿಯುತ್ತದೆ. ಎ4ನಲ್ಲಿರುವ ಸ್ನ್ಯಾಪ್‌ಡ್ರಾಗನ್ 4ಎಸ್ ಜೆನ್ 2 ಚಿಪ್ಪನ್ನು ಕ್ವಾಲ್‌ಕಾಮ್ ತಂದದ್ದೇ ನೂರು ಡಾಲರ್ ಒಳಗಿನ ಫೋನ್‌ಗಳಿಗೆ. ಜಿಯೋ ಗ್ರಾಹಕರಿಗೆ ಅದರಿಂದ ನಷ್ಟವೇನೂ ಇಲ್ಲ. ಏರ್‌ಟೆಲ್ ಗ್ರಾಹಕರಿಗೆ ಮಾತ್ರ ಡಬ್ಬದ ಮೇಲಿನ 5ಜಿ ಅನ್ನುವ ಅಕ್ಷರದಿಂದ ಏನೂ ಪ್ರಯೋಜನವಾಗಲಿಲ್ಲ.

ಈಗ ನಮ್ಮ ಕಡೆಯ ಒಂದು ಲೆಕ್ಕ ಹಾಕೋಣ. ಹೊಸದುರ್ಗದಂಥ ಊರು ಅಂತ ಇಟ್ಟುಕೊಳ್ಳಿ. ಬಸ್ ಸ್ಟ್ಯಾಂಡ್ ಹತ್ತಿರ ಕಿರಾಣಿ ಅಂಗಡಿ, ಮನೆ ಐದಾರು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ. ಬಜೆಟ್ 11,000 ರೂಪಾಯಿ. ಫೋನಿನ ಕೆಲಸ ಯುಪಿಐ, ವಾಟ್ಸಾಪ್, ರಾತ್ರಿ ಯೂಟ್ಯೂಬ್, ಮಗಳ ಆನ್‌ಲೈನ್ ಪಾಠ.

ಇದರಲ್ಲಿ ಯಾವುದಕ್ಕೂ 5ಜಿ ವೇಗ ಬೇಕಿಲ್ಲ. ಯುಪಿಐ ಪಾವತಿಗೆ ಬೇಕಾದ ಡೇಟಾ ತೀರಾ ಕಡಿಮೆ. ಒಳ್ಳೆ ಗುಣಮಟ್ಟದ ವಿಡಿಯೊಗೆ ಸೆಕೆಂಡಿಗೆ 5 ಮೆಗಾಬಿಟ್ ಸಾಕು. ತೊಂದರೆ ಬರುವುದು ಸಂಜೆ ಏಳರ ಮೇಲೆ. ಊರಿಗೆ ಊರೇ ಅದೇ 4ಜಿ ಟವರ್ ಮೇಲೆ ಬಿದ್ದಾಗ ಆ 5 ಮೆಗಾಬಿಟ್ ಕೂಡ ಸಿಗುವುದಿಲ್ಲ. 4ಜಿಯ ಒಂದೊಂದು ಬ್ಯಾಂಡ್‌ನಲ್ಲಿ ಸಾಮಾನ್ಯವಾಗಿ 10ರಿಂದ 20 ಮೆಗಾಹರ್ಟ್ಸ್ ಜಾಗ ಇದ್ದರೆ, 3300ರ 5ಜಿಯಲ್ಲಿ 100 ಇದೆ. ಬಸ್ ಸ್ಟ್ಯಾಂಡ್ ಬಳಿ 5ಜಿ ಟವರ್ ಇದ್ದರೆ, ಸಣ್ಣ ಊರಿನಲ್ಲಿ 5ಜಿಯಿಂದ ಆಗುವ ನಿಜವಾದ ಉಪಕಾರ ಇದು: ಗದ್ದಲದ ಹೊತ್ತಿನಲ್ಲೂ ಕೆಲಸ ನಿಲ್ಲುವುದಿಲ್ಲ. ಆದರೆ ಟವರ್‌ಗೆ ಫೈಬರ್ ಬಂದಿಲ್ಲದೆ ಹಳೆಯ ಕಡಿಮೆ ಸಾಮರ್ಥ್ಯದ ಕೊಂಡಿಯೇ ಇದ್ದರೆ ಈ ಉಪಕಾರವೂ ಕುಗ್ಗುತ್ತದೆ.

ಹಳ್ಳಿಯ ಮನೆಯಲ್ಲಿ ಮಾತು ಬೇರೆ. 3300ರ ತರಂಗ ಅಷ್ಟು ದೂರ ಬರುವುದಿಲ್ಲ, ಬಂದರೂ ಗೋಡೆ ದಾಟುವಾಗ ಸೊರಗುತ್ತದೆ. ಅಲ್ಲಿ ಜಿಯೋ 5ಜಿ ಸಿಕ್ಕರೆ ಅದು 700ರಲ್ಲಿ ಬರುವ ಸಾಧ್ಯತೆ ಜಾಸ್ತಿ. ದೂರ ಬರುತ್ತದೆ, ಒಳಗೂ ಬರುತ್ತದೆ, ಆದರೆ ಇರುವುದು 10 ಮೆಗಾಹರ್ಟ್ಸ್ ಮಾತ್ರ. ಹಾಗಾಗಿ ಪೇಟೆಯಲ್ಲೂ ಹಳ್ಳಿಯಲ್ಲೂ ಪರದೆ ಮೇಲೆ ಒಂದೇ 5ಜಿ ಗುರುತು ಕಂಡರೂ ವೇಗದಲ್ಲಿ ಅಜಗಜಾಂತರ. ಜಿಯೋ ಸಿಮ್ ಇಟ್ಟುಕೊಂಡು ಹಳ್ಳಿಯಲ್ಲಿ ಇರುವವರ ಫೋನಿನಲ್ಲಿ n28, n78 ಎರಡೂ ಬ್ಯಾಂಡ್ ಇರಲೇಬೇಕು. n28 ಅಂದರೆ 700, n78 ಅಂದರೆ 3300. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಇನ್ನೂ ಹುಷಾರಾಗಿ ನೋಡಬೇಕು. ಹಳೆಯ 5ಜಿ ಫೋನ್‌ಗಳಲ್ಲಿ ಕೆಲವಕ್ಕೆ ಬ್ಯಾಂಡ್‌ಗಳೇ ಬಹಳ ಕಡಿಮೆ.

ಪರದೆಯ ಗುರುತನ್ನೂ ಪೂರ್ತಿ ನಂಬಬೇಡಿ. ಎನ್‌ಎಸ್‌ಎಯಲ್ಲಿ 4ಜಿ ಟವರ್ 'ಈ ಜಾಗದಲ್ಲಿ 5ಜಿ ಇದೆ' ಎಂದು ಸಾರಿದರೆ ಸಾಕು, ಎಷ್ಟೋ ಫೋನ್‌ಗಳು 5ಜಿ ಎಂದು ತೋರಿಸಿಬಿಡುತ್ತವೆ, ಡೇಟಾ ಇನ್ನೂ 4ಜಿಯಲ್ಲೇ ಹರಿಯುತ್ತಿರಬಹುದು. ನಿಜ ತಿಳಿಯಬೇಕಾದರೆ ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲಿ ಡಯಲ್ ಮಾಡುವ ಜಾಗದಲ್ಲಿ ಇದನ್ನು ಒತ್ತಿ:

```
*#*#4636#*#*
```

ಬರುವ ಪರದೆಯಲ್ಲಿ ಫೋನ್ ಮಾಹಿತಿಗೆ ಹೋಗಿ Data Network Type ಎಂಬ ಸಾಲು ಹುಡುಕಿ. NR ಎಂದಿದ್ದರೆ ಎಸ್‌ಎ. ಮೇಲೆ 5ಜಿ ಗುರುತಿದ್ದು ಇಲ್ಲಿ LTE ಎಂದಿದ್ದರೆ ಎನ್‌ಎಸ್‌ಎ, ಅಥವಾ ಬರೀ 4ಜಿ. ಕೊಳ್ಳುವ ಮೊದಲು ನಿಮ್ಮದೇ ಕಂಪನಿಯ ಸಿಮ್ ಇರುವ, 5ಜಿ ಫೋನ್ ಇಟ್ಟುಕೊಂಡ ನೆಂಟರನ್ನೋ ಸ್ನೇಹಿತರನ್ನೋ ಮನೆಗೆ ಕರೆದು, ನೀವು ಹೆಚ್ಚು ಹೊತ್ತು ಇರುವ ಕೋಣೆಯಲ್ಲೇ ಇದನ್ನು ನೋಡಿ. ಅಂಗಡಿಯಲ್ಲಿ ನೋಡಿದರೆ ಮನೆಯ ಸ್ಥಿತಿ ತಿಳಿಯುವುದಿಲ್ಲ ಅಲ್ವಾ.

ಇನ್ನೊಂದು ವಿಷಯ ದುಡ್ಡಿಗೆ ಸಂಬಂಧಿಸಿದ್ದು. 2024ರ ಜುಲೈನಲ್ಲಿ ದರ ಏರಿದಾಗ ಜಿಯೋ, ಏರ್‌ಟೆಲ್ ಎರಡೂ ಅನಿಯಮಿತ 5ಜಿಯನ್ನು ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪ್ಲಾನ್‌ಗಳಿಗೆ ಸೀಮಿತ ಮಾಡಿದವು. 5ಜಿಯಲ್ಲಿ ಇರುವಷ್ಟು ಹೊತ್ತು ಮಾತ್ರ ಆ ಅನಿಯಮಿತ ನಡೆಯುತ್ತದೆ. ಸಿಗ್ನಲ್ ಅಂಚಿನಲ್ಲಿರುವ ಮನೆಯಲ್ಲಿ ಫೋನ್ ಮತ್ತೆ ಮತ್ತೆ 4ಜಿಗೆ ಜಾರುತ್ತದೆ, ಜಾರಿದಾಗೆಲ್ಲ ಖರ್ಚು ದಿನದ 2 ಜಿಬಿಯಿಂದಲೇ ಹೋಗುತ್ತದೆ. ಹಾಗಾಗಿ ಮನೆಯಲ್ಲಿ 5ಜಿ ಗಟ್ಟಿಯಾಗಿ ನಿಲ್ಲದಿದ್ದರೆ ಅದಕ್ಕೋಸ್ಕರ ದೊಡ್ಡ ಪ್ಲಾನ್ ಹಾಕಿಸಬೇಡಿ.

ನಮ್ಮ ಕಿರಾಣಿ ಅಂಗಡಿಯವರಿಗೆ ನನ್ನ ಉತ್ತರ ಹೀಗೆ. ಫೋನನ್ನು ನಾಲ್ಕೈದು ವರ್ಷ ಇಟ್ಟುಕೊಳ್ಳುವವರಾದರೆ 5ಜಿ ಇರುವುದನ್ನೇ ಕೊಳ್ಳಿ, ಆದರೆ ಎಸ್‌ಎ, ಎನ್‌ಎಸ್‌ಎ ಎರಡೂ ಇರಲಿ. ಇವತ್ತಿನ ಸಿಮ್ ನಾಳೆ ಪೋರ್ಟ್ ಆಗಬಹುದು. ಸಿಮ್ ಜಿಯೋ ಆಗಿದ್ದು ಬದಲಿಸುವ ಯೋಚನೆಯೇ ಇಲ್ಲದಿದ್ದರೆ ಎಸ್‌ಎ ಮಾತ್ರ ಇರುವ ಅಗ್ಗದ ಫೋನೂ ಸಾಕು. 5ಜಿ ಸಲುವಾಗಿ ರ್‍ಯಾಮ್ 4 ಜಿಬಿಗೆ ಇಳಿಯುತ್ತದೆ ಅನ್ನುವುದಾದರೆ, ಮನೆಯಲ್ಲಿ 5ಜಿ ಬರುವುದೂ ಇಲ್ಲ ಅನ್ನುವುದಾದರೆ, ಅದೇ ದುಡ್ಡಿಗೆ 6 ಅಥವಾ 8 ಜಿಬಿ ರ್‍ಯಾಮ್ ಇರುವ 4ಜಿ ಫೋನ್ ದಿನನಿತ್ಯದ ಕೆಲಸಕ್ಕೆ ಜಾಸ್ತಿ ಸಲೀಸು. ಬಿಎಸ್‌ಎನ್‌ಎಲ್ ಸಿಮ್ ಇಟ್ಟುಕೊಂಡವರದ್ದು ಬೇರೆಯೇ ಸ್ಥಿತಿ: ಸ್ವದೇಶಿ 4ಜಿ ಜಾಲ ಅಧಿಕೃತವಾಗಿ ಉದ್ಘಾಟನೆಯಾದದ್ದೇ 2025ರ ಸೆಪ್ಟೆಂಬರ್ 27ರಂದು. ಅವರು ಮೊದಲು ತಮ್ಮ ಊರಿನ ಟವರ್‌ನಲ್ಲಿ 4ಜಿ ಸರಿಯಾಗಿ ಬರುತ್ತಿದೆಯಾ ಎಂದು ನೋಡಿಕೊಂಡು, ಆಮೇಲೆ 5ಜಿ ಫೋನಿನ ವಿಚಾರಕ್ಕೆ ಬರಬಹುದು.