ವಿಸಿಟಿಂಗ್ ಕಾರ್ಡಿನ ಹಿಂದಿನ 139: ಎಕ್ಸಿಬಿಷನ್ ಮುಗಿದ ಮೇಲೆ ಬರೆಯುವ ಪತ್ರ

ವ್ಯವಹಾರ ಪತ್ರಗಳ ಪಾಠದಲ್ಲಿ ಈ ಪತ್ರಕ್ಕೆ ಸಿಗೋದು ಅರ್ಧ ಪುಟ. ಧನ್ಯವಾದ ಹೇಳಿ, ಮಾತಾಡಿದ್ದನ್ನು ನೆನಪಿಸಿ, ಸ್ಯಾಂಪಲ್ ಕಳಿಸುತ್ತೇವೆ ಅಂತ ಬರೆಯಿರಿ, ಅಷ್ಟೇ. ನಾನು ಪೀಣ್ಯದ ಒಂದು ಸಣ್ಣ ಟರ್ನಿಂಗ್ ಶಾಪ್‌ನಲ್ಲಿ ಆರ್ಡರ್ ನೋಡಿಕೊಳ್ಳುತ್ತೇನೆ. ಆ ಅರ್ಧ ಪುಟವನ್ನು ನಂಬಿ ಒಮ್ಮೆ ಏಟು ತಿಂದಿದ್ದೇನೆ. ಅದಕ್ಕೇ ಈ ಟಿಪ್ಪಣಿ.

ತುಮಕೂರು ರಸ್ತೆಯ ಮಾದಾವರದಲ್ಲಿ ಎಕ್ಸಿಬಿಷನ್ ನಡೆಯುವಾಗ ನಮ್ಮದೂ ಒಂದು ಪುಟ್ಟ ಸ್ಟಾಲ್ ಇರುತ್ತದೆ. ಪಕ್ಕದಲ್ಲಿ ಯಂತ್ರ ಓಡುತ್ತಿರುತ್ತದೆ, ಹಿಂದೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಪಂಪ್ ಮಾಡುವವರೊಬ್ಬರು ಗನ್‌ಮೆಟಲ್ ಬುಶ್‌ಗೆ, ಅಂದರೆ ಶಾಫ್ಟ್ ಒಳಗೆ ತಿರುಗುವ ಪುಟ್ಟ ಕೊಳವೆಗೆ, ರೇಟ್ ಕೇಳಿದರು. ನಮ್ಮ ಯಜಮಾನರು "ಸಾವಿರ ಪೀಸ್‌ಗೆ 148, ಐದು ಸಾವಿರ ತಗೊಂಡ್ರೆ 139" ಅಂದರು. ನಾನು ಅವರ ವಿಸಿಟಿಂಗ್ ಕಾರ್ಡಿನ ಹಿಂದೆ ಕೊನೆಗೆ ಕೇಳಿಸಿದ ಅಂಕಿಯನ್ನಷ್ಟೇ ಗೀಚಿದೆ: 139. ಎರಡು ದಿನ ಬಿಟ್ಟು "ಮಾತಾಡಿದಂತೆ ದರ 139 ರೂ." ಅಂತ ಪತ್ರ ಕಳಿಸಿದೆ. ಅವರು ಸಾವಿರ ಪೀಸ್‌ಗೆ ಆರ್ಡರ್ ಹಾಕಿದರು, 139ಕ್ಕೆ. ಪೀಸಿಗೆ 9 ರೂಪಾಯಿ, ಒಟ್ಟು 9,000 ಹೋಯಿತು. ಅವರದೇನೂ ತಪ್ಪಿಲ್ಲ. ಬರೆದವನು ನಾನೇ ಅಲ್ವಾ?

ಅಂದಿನಿಂದ ಪತ್ರದಲ್ಲಿ "ಮಾತಾಡಿದಂತೆ" ಅನ್ನೋ ಮಾತನ್ನೇ ಬಿಟ್ಟಿದ್ದೇನೆ. ಮಾತಾಡಿದ್ದರಲ್ಲಿ ಮೂರು ಜಾತಿ ಇರುತ್ತದೆ: ಇಬ್ಬರೂ ಒಪ್ಪಿದ್ದು, ಷರತ್ತಿನ ಮೇಲೆ ಹೇಳಿದ್ದು, ಸುಮ್ನೆ ಮಾತಿಗೆ ಬಂದಿದ್ದು. ಮೂರನ್ನೂ ಒಂದೇ ಪ್ಯಾರಾದಲ್ಲಿ ಕಲಸಿದರೆ, ಓದುವವರು ತಮಗೆ ಅನುಕೂಲವಾದ ಹಾಗೆ ಬಿಡಿಸಿಕೊಳ್ಳುತ್ತಾರೆ. ನಾವಾದರೂ ಅದನ್ನೇ ಮಾಡುತ್ತೇವೆ.

ಮುಂದಿನ ಸಲ ಬೆಳಗಾವಿಯ ಉದ್ಯಮಬಾಗ್‌ನಿಂದ ಬಂದ ಒಬ್ಬರಿಗೆ ಬರೆದ ಪತ್ರ ಇಲ್ಲಿದೆ. ಬುಶ್ ಅದೇ ಅಳತೆಯದು, ದರವೂ ಅದೇ. ಹೆಸರು, ತಾರೀಖು ತೆಗೆದಿದ್ದೇನೆ.

> ವಿಷಯ: ಗನ್‌ಮೆಟಲ್ ಬುಶ್ 32 × 25 × 40, ದರ ಮತ್ತು ಸ್ಯಾಂಪಲ್
>
> ಮಾನ್ಯರೇ,
>
> ಗುರುವಾರ ಮಧ್ಯಾಹ್ನ ನಮ್ಮ ಸ್ಟಾಲ್‌ಗೆ ಬಂದು, ನಿಮ್ಮ ಪಂಪಿನ ಹಳೇ ಬುಶ್ ಒಂದನ್ನು ಕೊಟ್ಟು ಹೋಗಿದ್ದಿರಿ. ಅಂದು ತೀರ್ಮಾನವಾದದ್ದು ಇಷ್ಟು:
>
> ಬುಶ್: ಹೊರ ವ್ಯಾಸ 32, ಒಳ ವ್ಯಾಸ 25, ಉದ್ದ 40 ಮಿ.ಮೀ. ಒಂದು ಆರ್ಡರ್‌ನಲ್ಲಿ 1,000ದಿಂದ 4,999 ಪೀಸ್‌ವರೆಗೆ ತಲಾ 148 ರೂ. 5,000 ಅಥವಾ ಅದಕ್ಕಿಂತ ಜಾಸ್ತಿ ಆದರೆ ತಲಾ 139 ರೂ. ಇದು ಪೀಣ್ಯದ ನಮ್ಮ ಬಾಗಿಲಲ್ಲಿನ ದರ. ಜಿಎಸ್‌ಟಿ ಮತ್ತು ಸಾಗಣೆ ಬೇರೆ. ಈ ಪತ್ರದ ದಿನದಿಂದ 15 ದಿನ ಈ ದರ ನಿಲ್ಲುತ್ತದೆ.
>
> ಪಾವತಿಗೆ 45 ದಿನ ಕೇಳಿದ್ದಿರಿ. ಮೊದಲ ಆರ್ಡರ್‌ಗೆ 30 ದಿನ ಕೊಡಬಲ್ಲೆವು. ಇದು ಇನ್ನೂ ತೀರ್ಮಾನವಾಗಿಲ್ಲ.
>
> ಸ್ಟೀಲ್ ಸ್ಲೀವ್ ಬಗ್ಗೆಯೂ ಕೇಳಿದ್ದಿರಿ. ಡ್ರಾಯಿಂಗ್ ಬರದೆ ಅದಕ್ಕೆ ದರ ಹೇಳಿಲ್ಲ.
>
> ಸ್ಯಾಂಪಲ್: 8 ಬುಶ್ ಸೋಮವಾರ ಪಾರ್ಸೆಲ್ ಮಾಡುತ್ತೇವೆ. ಒಂದೊಂದರ ಅಳತೆಯ ಪಟ್ಟಿ ಜೊತೆಗಿರುತ್ತದೆ. ಅದಕ್ಕೂ ಮೊದಲು ಒಂದು ಪ್ರಶ್ನೆ: 25ರ ಒಳ ವ್ಯಾಸಕ್ಕೆ ನೀವು ಹೇಳಿದ ಎಚ್7 ಅಳತೆ ಬುಶ್ ಬಿಡಿಯಾಗಿದ್ದಾಗ ಬೇಕೇ, ಒತ್ತಿ ಕೂರಿಸಿದ ಮೇಲೆ ಬೇಕೇ?
>
> ಮೇಲಿನದು ಸರಿ ಇದ್ದರೆ "ಸರಿ" ಅಂತ ಒಂದು ಸಾಲು ಬರೆಯಿರಿ. ತಪ್ಪಿದ್ದರೆ ತಿದ್ದಿ ಕಳಿಸಿ.

15 ದಿನ ಯಾಕೆ? ಗನ್‌ಮೆಟಲ್‌ನಲ್ಲಿ ಬಹುಪಾಲು ತಾಮ್ರ. ಅದರ ರೇಟ್ ಏರಿಳಿಯುತ್ತಲೇ ಇರುತ್ತದೆ. ಈ ಬುಶ್ ಒಂದರ ತೂಕ ಸುಮಾರು 110 ಗ್ರಾಂ. ಬೆಲೆಯ ಅರ್ಧದಷ್ಟು ಲೋಹಕ್ಕೇ ಹೋಗುತ್ತದೆ. ದಿನ ಕಟ್ಟದೆ ದರ ಬರೆದರೆ, ಮೂರು ತಿಂಗಳ ಮೇಲೆ ಅದೇ ಪತ್ರ ಹಿಡಿದು ಆರ್ಡರ್ ಬರುತ್ತದೆ.

"ಮೂರು ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿದಿರಿ ಅಂದುಕೊಳ್ಳುತ್ತೇವೆ" ಅಂತ ಬರೆಯುವವರೂ ಇದ್ದಾರೆ. ಅದನ್ನು ನಂಬಿ ಲೋಹ ಕೊಳ್ಳಬೇಡಿ. ಬರೀ ಮೌನವನ್ನು ಕಾನೂನು ಸಾಮಾನ್ಯವಾಗಿ ಒಪ್ಪಿಗೆ ಅಂತ ಎಣಿಸುವುದಿಲ್ಲ. ಒಂದು ಸಾಲಿನ "ಸರಿ" ಸಾಕು, ಆದರೆ ಅದು ಬರಲೇಬೇಕು.

ಈಗ ಪತ್ರದಲ್ಲಿನ ಎಚ್7 ಪ್ರಶ್ನೆಗೆ ಬರೋಣ. ಪತ್ರದಲ್ಲಿ ಜಾಸ್ತಿ ಬೆಲೆಬಾಳಿದ ಸಾಲು ಅದೇ. 25 ಮಿ.ಮೀ.ಗೆ ಎಚ್7 ಅಂದರೆ 25.000ದಿಂದ 25.021ರ ಒಳಗೆ. ಆದರೆ ಬುಶ್‌ನ ಹೊರ ವ್ಯಾಸ ಅದು ಕೂರುವ ಹೌಸಿಂಗ್‌ನ ತೂತಿಗಿಂತ ಕೂದಲೆಳೆ ದೊಡ್ಡದಿರುತ್ತದೆ, ಬಿಗಿಯಾಗಿ ಕೂರಲಿ ಅಂತ. ಪ್ರೆಸ್‌ನಲ್ಲಿ ಒತ್ತಿದಾಗ ಹೊರಗಿನ ಬಿಗಿ ಒಳಕ್ಕೆ ಇಳಿದು ಒಳ ವ್ಯಾಸ ಕುಗ್ಗುತ್ತದೆ. ನಮ್ಮಲ್ಲಿ ಅಳೆದಾಗ 25.010 ಇದ್ದ ಬುಶ್, ಅವರಲ್ಲಿ ಕೂರಿಸಿದ ಮೇಲೆ 24.990 ಆಗಬಹುದು. ಶಾಫ್ಟ್ ಒಳಗೇ ಹೋಗಲ್ಲ. ಆಗ ಅವರ ಕಣ್ಣಿಗೆ ನಮ್ಮ ಸ್ಯಾಂಪಲ್ ಫೇಲ್, ನಮ್ಮ ಅಳತೆ ಪಟ್ಟಿಯಲ್ಲಿ ಪಾಸ್. ಇಬ್ಬರೂ ಸತ್ಯವನ್ನೇ ಹೇಳುತ್ತಿರುತ್ತಾರೆ. ಸ್ಟಾಲ್‌ನಲ್ಲಿ ನಿಂತಾಗ ಇದು ಯಾರಿಗೂ ಹೊಳೆಯಲಿಲ್ಲ. ಕೂತು ಬರೆಯುವಾಗ ಹೊಳೆಯಿತು.

ಸ್ಯಾಂಪಲ್ ಪ್ಯಾರಾವನ್ನು ನಾವು ಹಗುರವಾಗಿ ಬರೆಯುತ್ತೇವೆ. ಕಾನೂನು ಅದನ್ನು ಹಗುರವಾಗಿ ನೋಡಲ್ಲ. 1930ರ ಸರಕು ಮಾರಾಟ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಸ್ಯಾಂಪಲ್ ಮೇಲೆ ಮಾರಾಟವಾದರೆ ಪೂರ್ತಿ ಮಾಲು ಗುಣದಲ್ಲಿ ಸ್ಯಾಂಪಲ್‌ಗೆ ಹೊಂದಬೇಕು. ಹೋಲಿಸಿ ನೋಡಲು ಕೊಳ್ಳುವವರಿಗೆ ಅವಕಾಶವನ್ನೂ ಕೊಡಬೇಕು. ಸ್ಯಾಂಪಲ್ ಅನ್ನು ತಕ್ಕಮಟ್ಟಿಗೆ ಪರೀಕ್ಷಿಸಿದರೂ ಕಾಣದ, ಮಾಲನ್ನು ಮಾರಲು ಬಾರದಂತೆ ಮಾಡುವ ದೋಷಕ್ಕೂ ಮಾರುವವರೇ ಹೊಣೆ ಆಗುತ್ತಾರೆ.

ಹಾಗಾಗಿ ಎರಡು ಅಭ್ಯಾಸ ಇಟ್ಟುಕೊಂಡಿದ್ದೇವೆ. ಒಂದು, 8 ಕಳಿಸುವಾಗ 10 ಮಾಡುತ್ತೇವೆ. ಎರಡನ್ನು ಎಣ್ಣೆ ಹಚ್ಚಿ, ಕವರಿನಲ್ಲಿ ಸೀಲ್ ಮಾಡಿ, ಪತ್ರದ ಪ್ರತಿಯ ಜೊತೆ ಇಡುತ್ತೇವೆ. ಆರು ತಿಂಗಳ ಮೇಲೆ "ಸ್ಯಾಂಪಲ್ ಹೀಗಿರಲಿಲ್ಲ" ಅಂದರೆ ತೆಗೆದು ತೋರಿಸಬಹುದು. ಎರಡು, ಸ್ಯಾಂಪಲ್ ಅನ್ನು ಪೂರ್ತಿ ಮಾಲು ಮಾಡುವ ಸಿಎನ್‌ಸಿಯಲ್ಲೇ, ಅದೇ ಟೂಲ್‌ನಲ್ಲೇ ಮಾಡುತ್ತೇವೆ. ಅನುಭವಿ ಮೇಸ್ತ್ರಿಯೊಬ್ಬರು ಲೇತ್‌ನಲ್ಲಿ ಅರ್ಧ ದಿನ ಕೂತು ಕನ್ನಡಿಯಂಥ ಫಿನಿಶ್ ತರಬಲ್ಲರು. ಅದನ್ನು ಕಳಿಸಿದರೆ ಐದು ಸಾವಿರಕ್ಕೂ ಅದೇ ಫಿನಿಶ್ ಕೊಡಬೇಕಾಗುತ್ತದೆ, 139ಕ್ಕೆ!

ಪುಕ್ಕಟೆ ಸ್ಯಾಂಪಲ್ ಆದರೆ ಅದಕ್ಕೆ ಬಳಸಿದ ಲೋಹದ ಮೇಲಿನ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಸಿಗಲ್ಲ, ಅಕೌಂಟ್ಸ್‌ನವರಿಗೆ ಮೊದಲೇ ಹೇಳಿಬಿಡಿ.

ಬೆಳಗಾವಿಯಿಂದ ಮರುದಿನವೇ ಉತ್ತರ ಬಂತು: "ದರ ಸರಿ. 30 ದಿನ ನಡೀತದ. ಎಚ್7 ಕೂರಿಸಿದ ಮ್ಯಾಲೆ ಬೇಕ್ರಿ." ನಾವು ಸೋಮವಾರದ ಪಾರ್ಸೆಲ್ ತಡೆದು, ಅವರ ಹೌಸಿಂಗ್ ಒಂದನ್ನು ತರಿಸಿಕೊಂಡೆವು. ಒಂದು ಬುಶ್ ಒತ್ತಿ ಕೂರಿಸಿ ಅಳೆದರೆ 0.018 ಕುಗ್ಗಿತ್ತು. ಅಷ್ಟನ್ನು ಒಳ ವ್ಯಾಸಕ್ಕೆ ಸೇರಿಸಿ ಹೊಸದಾಗಿ ಹತ್ತು ಮಾಡಿದೆವು. ಅಳತೆ ಪಟ್ಟಿಯಲ್ಲಿ ಈ ಸಲ ಎರಡು ಕಾಲಂ: ಬಿಡಿಯಾಗಿದ್ದಾಗ, ಕೂರಿಸಿದ ಮೇಲೆ. ಎರಡನೇ ಕಾಲಂನಲ್ಲಿ ನಾವು ಒಂದನ್ನಷ್ಟೇ ತುಂಬಿದೆವು. ಉಳಿದದ್ದು ಅವರು ಅಳೆದು ತುಂಬಲಿ ಅಂತ ಖಾಲಿ ಬಿಟ್ಟು, ಗುರುವಾರ ಪಾರ್ಸೆಲ್ ಹಾಕಿ ರಸೀದಿ ನಂಬರ್ ಅದೇ ಪತ್ರದ ಕೆಳಗೆ ಬರೆದು ಕಳಿಸಿದೆ.