ಅಂಕೋಲೆಯ ಉಪ್ಪು, ಸಿದ್ದಾಪುರದ ತೀರ್ವೆ: ಸವಿನಯ ಕಾನೂನು ಭಂಗದ ಬಗ್ಗೆ ಟಿಪ್ಪಣಿ

ಶಿರಸಿಯಲ್ಲಿ ನಾವು ನಾಲ್ಕೈದು ಜನ ಭಾನುವಾರ ಸೇರಿ ಓದುತ್ತೇವೆ. ಹೋದ ವಾರದ ಪ್ರಶ್ನೆ ಇದು: ಅನ್ಯಾಯದ ಕಾನೂನನ್ನು ಮುರಿಯುವುದು ಯಾವಾಗ ಸರಿ? ಎಲ್ಲರೂ ಉಪ್ಪಿನ ಸತ್ಯಾಗ್ರಹದ ಉದಾಹರಣೆ ಕೊಟ್ಟು, ಅಹಿಂಸೆ ಇರಬೇಕು, ಶಿಕ್ಷೆಗೆ ಸಿದ್ಧ ಇರಬೇಕು ಎಂದು ಎರಡು ಸಾಲು ಬರೆದು ಮುಗಿಸಿದ್ದೆವು. ಆಮೇಲೆ ಯೋಚಿಸಿದರೆ, ಉಪ್ಪು ಸುಲಭದ ಉದಾಹರಣೆ ಅನ್ನಿಸಿತು. ನಮ್ಮ ಜಿಲ್ಲೆಯಲ್ಲೇ ಅದರ ಪಕ್ಕಕ್ಕೆ ಒಂದು ಕಷ್ಟದ ಉದಾಹರಣೆ ಇದೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ವಿಷಯ ಚೆನ್ನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ಉಪ್ಪು. 1930ರ ಏಪ್ರಿಲ್ 6ರಂದು ಗಾಂಧೀಜಿ ದಾಂಡಿಯಲ್ಲಿ ಉಪ್ಪು ಎತ್ತಿದರು. ಒಂದು ವಾರದ ಮೇಲೆ, ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯ ಕಡಲ ತೀರದಲ್ಲಿ ಕಾಯ್ದೆ ಮುರಿಯಲಾಯಿತು. ಆಗ ನಮ್ಮದು ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಉತ್ತರ ಕೆನರಾ. ಒಂದು ಮಣ ಉಪ್ಪಿಗೆ, ಅಂದರೆ ಸುಮಾರು 37 ಕಿಲೋಗೆ, ಒಂದು ರೂಪಾಯಿ ನಾಲ್ಕಾಣೆ ತೆರಿಗೆ. ಜಮೀನ್ದಾರನಿಗೂ ಅಷ್ಟೇ, ಕೂಲಿಯವನಿಗೂ ಅಷ್ಟೇ. ಬಿಸಿಲಲ್ಲಿ ಬೆವರು ಹರಿಸಿ ದುಡಿಯುವವನಿಗೆ ಉಪ್ಪು ಜಾಸ್ತಿಯೇ ಬೇಕಲ್ವಾ? ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನಾಗರಗಳನ್ನು ನೋಡಿದವರಿಗೆ ಇನ್ನೊಂದು ಮಾತೂ ಹೊಳೆಯುತ್ತದೆ. ಸಮುದ್ರದ ನೀರು ಮನೆ ಬಾಗಿಲಲ್ಲೇ ಇದೆ, ಬಿಸಿಲಿಗೆ ದುಡ್ಡಿಲ್ಲ. ಆದರೂ ಆ ನೀರನ್ನು ಒಣಗಿಸಿ ಉಪ್ಪು ಮಾಡಿಕೊಂಡರೆ ಅಪರಾಧ.

ಇಲ್ಲಿ ಮುರಿದ ಕಾನೂನು ಯಾವುದೋ, ಅನ್ಯಾಯ ಇರುವುದೂ ಅದರಲ್ಲೇ. ಇದಕ್ಕೆ ನೇರ ಕಾನೂನು ಭಂಗ ಎನ್ನುತ್ತಾರೆ. ನೋಡುವವನಿಗೆ ವಿವರಣೆಯೇ ಬೇಡ. ಒಂದು ಹಿಡಿ ಉಪ್ಪಿಗೆ ಪೊಲೀಸರು ಬಂದು ಕೈ ಹಿಡಿದರೆ, ತಪ್ಪು ಯಾರದ್ದೆಂದು ಮಗುವಿಗೂ ತಿಳಿಯುತ್ತದೆ. ಅದಕ್ಕೇ ನಾನು ಇದನ್ನು ಸುಲಭದ ಉದಾಹರಣೆ ಎಂದದ್ದು.

ಈಗ ತೀರ್ವೆ. ಅದೇ ಹೋರಾಟದಲ್ಲಿ, ಮುಖ್ಯವಾಗಿ ಅಂಕೋಲೆ ಮತ್ತು ಸಿದ್ದಾಪುರ ತಾಲ್ಲೂಕುಗಳಲ್ಲಿ, ರೈತರು ಭೂಕಂದಾಯ ಕಟ್ಟುವುದಿಲ್ಲ ಎಂದು ಕುಳಿತರು. 1932ರಲ್ಲಿ ಮತ್ತೆ ಅದೇ ನಡೆಯಿತು. ಅಂಕೋಲೆಯನ್ನು ಕರ್ನಾಟಕದ ಬಾರ್ಡೋಲಿ ಎಂದು ಕರೆಯುವುದು ಇದಕ್ಕೇ. ಹೆಸರು ಒಂದೇ ಆದರೂ ಒಂದು ವ್ಯತ್ಯಾಸ ಗಮನಿಸಿ. 1928ರಲ್ಲಿ ಗುಜರಾತಿನ ಬಾರ್ಡೋಲಿಯ ರೈತರು ನಡೆಸಿದ ಸತ್ಯಾಗ್ರಹದಲ್ಲಿ ಜಗಳ ಇದ್ದದ್ದು ಕಂದಾಯದ ಮೊತ್ತದ ಮೇಲೆ. ಸರ್ಕಾರ ಕಂದಾಯವನ್ನು ಶೇಕಡಾ 22ರಷ್ಟು ಏರಿಸಿತ್ತು. ಸತ್ಯಾಗ್ರಹದ ನಂತರ ವಿಚಾರಣೆ ನಡೆದಾಗ ಶೇಕಡಾ 6ಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಏರಿಸಬಹುದು ಎಂದು ಬಂತು. ಅಂದರೆ ರೈತರ ದೂರು ಸರಿ ಎಂದು ಲೆಕ್ಕವೇ ಹೇಳಿತು. ಅಂಕೋಲೆ, ಸಿದ್ದಾಪುರಗಳಲ್ಲಿಯೂ ಕಂದಾಯದ ಭಾರದ ಅಳಲು ಇತ್ತು. ಆದರೆ ಹಣ ತಡೆಹಿಡಿದದ್ದು ದೇಶದ ಹೋರಾಟದ ಭಾಗವಾಗಿ, ಸರ್ಕಾರದ ಅಧಿಕಾರವನ್ನೇ ಪ್ರಶ್ನಿಸಲು. ಭೂಮಿಗೆ ಕಂದಾಯ ಎನ್ನುವುದೇ ಅನ್ಯಾಯ ಎಂದು ಅವರು ಹೇಳಲಿಲ್ಲ. ಸ್ವರಾಜ್ಯ ಬಂದರೂ ಕಂದಾಯ ಇರುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಹೀಗೆ ಒಂದು ಅನ್ಯಾಯವನ್ನು ತೋರಿಸಲು ಬೇರೊಂದು ಕಾನೂನನ್ನು ಮುರಿಯುವುದು ಪರೋಕ್ಷ ಕಾನೂನು ಭಂಗ. ಅಮೆರಿಕದ ಲೇಖಕ ಥೋರೋ ಗುಲಾಮಗಿರಿಯನ್ನೂ ಮೆಕ್ಸಿಕೋ ಯುದ್ಧವನ್ನೂ ವಿರೋಧಿಸಿ ತಲೆಗಂದಾಯ ಕಟ್ಟದೆ 1846ರಲ್ಲಿ ಒಂದು ರಾತ್ರಿ ಜೈಲಿನಲ್ಲಿದ್ದದ್ದೂ ಇದೇ ಜಾತಿಯದು. ಎಷ್ಟೋ ಸಲ ಬೇರೆ ದಾರಿಯೇ ಇರುವುದಿಲ್ಲ. ಅನ್ಯಾಯದ ಯುದ್ಧ ನಡೆಸುವ ನಿರ್ಧಾರವನ್ನು ಸಾಮಾನ್ಯ ಮನುಷ್ಯ ಹೇಗೆ ಮುರಿಯುತ್ತಾನೆ? ಅವನ ಕೈಯಲ್ಲಿ ಇರುವುದು ತೆರಿಗೆಯ ಚೀಟಿ ಒಂದೇ. ಆದರೆ ಪರೋಕ್ಷ ದಾರಿ ಹಿಡಿದವನ ಮೇಲೆ ಹೊಣೆ ಜಾಸ್ತಿ. ನೀನು ಮುರಿದದ್ದಕ್ಕೂ ನೀನು ಹೇಳುವ ಅನ್ಯಾಯಕ್ಕೂ ಏನು ಸಂಬಂಧ ಎಂದು ಊರಿಗೆ ಅವನೇ ತೋರಿಸಿಕೊಡಬೇಕು. ಆ ಕೊಂಡಿ ಸಡಿಲವಾದರೆ ಅದು ಬರೀ ಬಾಕಿ ಉಳಿಸಿಕೊಂಡಂತೆ ಕಾಣುತ್ತದೆ.

ಇಲ್ಲೇ 'ಸವಿನಯ' ಎಂಬ ಪದದ ಬಗ್ಗೆ ಎರಡು ಮಾತು. ಕಾಳಿ ನದಿಯಿಂದ ರಾತ್ರಿ ಹೊತ್ತು ಮರಳು ತುಂಬಿಸಿಕೊಂಡು ಹೋಗುವವನೂ ಪರ್ಮಿಟ್ಟಿನ ನಿಯಮ ಅನ್ಯಾಯದ್ದು ಎನ್ನಬಹುದು. ಅವನ ಮಾತು ನಿಜವೇ ಇರಬಹುದು! ಆದರೂ ಅವನದು ಸವಿನಯ ಕಾನೂನು ಭಂಗ ಅಲ್ಲ. ಅವನಿಗೆ ಬೇಕಾದದ್ದು ಸಿಕ್ಕಿಬೀಳದೆ ದಾಟುವುದು. ಸತ್ಯಾಗ್ರಹಿ ಮಾತ್ರ ದಿನ, ಜಾಗ ಹೇಳಿಯೇ ಹೋಗುತ್ತಾನೆ. ದಾಂಡಿಗೆ ಹೊರಡುವ ಹತ್ತು ದಿನ ಮೊದಲು, ಮಾರ್ಚ್ 2ರಂದು, ಗಾಂಧೀಜಿ ವೈಸರಾಯ್ ಇರ್ವಿನ್‌ಗೆ ಪತ್ರ ಬರೆದು ತಾನು ಏನು ಮಾಡಲಿದ್ದೇನೆ ಎಂದು ತಿಳಿಸಿದ್ದರು. ಮುರಿಯುವುದು ಬಚ್ಚಿಟ್ಟು ಲಾಭ ಮಾಡಿಕೊಳ್ಳಲು ಅಲ್ಲ, ಎಲ್ಲರೂ ನೋಡಲಿ ಎಂದು. ಶಿಕ್ಷೆ ಒಪ್ಪಿಕೊಳ್ಳುವುದೂ ಈ ಮಾತಿನ ಮುಂದುವರಿಕೆಯೇ. ನನಗೆ ಎಲ್ಲಾ ಕಾನೂನಿನ ಮೇಲೂ ಅಸಡ್ಡೆ ಇಲ್ಲ, ಇದೊಂದರ ಬಗ್ಗೆ ಮಾತ್ರ ತಕರಾರು ಎಂದು ಅವನು ತನ್ನ ಮೈಮೇಲೆ ಹಾಕಿಕೊಂಡು ತೋರಿಸುತ್ತಾನೆ.

ತೀರ್ವೆ ನಿಲ್ಲಿಸಿದವರಿಗೆ ಈ ಶಿಕ್ಷೆ ಹೇಗೆ ಬಂತು ನೋಡಿ. ಉಪ್ಪು ಮಾಡಿದವನಿಗೆ ಕೆಲವು ತಿಂಗಳ ಜೈಲು. ಮುಗಿದ ಮೇಲೆ ಮನೆಗೆ ಬರಬಹುದು. ಕಂದಾಯ ಬಾಕಿಗೆ ಹಾಗಲ್ಲ. ಮುಂಬಯಿ ಪ್ರಾಂತ್ಯದ 1879ರ ಕಂದಾಯ ಕಾಯ್ದೆಯ ಪ್ರಕಾರ ಮೊದಲು ನೋಟೀಸು ಕೊಡಬಹುದಿತ್ತು. ದನಕರು, ಪಾತ್ರೆಪಗಡದಂಥ ಚರ ಸೊತ್ತು ಜಪ್ತಿ ಮಾಡಿ ಮಾರಬಹುದಿತ್ತು. ಜಮೀನಿನ ಹಕ್ಕನ್ನೇ ಕಸಿದುಕೊಳ್ಳಬಹುದಿತ್ತು. ಹಾಗೆ ಕಸಿದ ಜಮೀನು ಲಿಲಾವಿಗೆ ಬಂದು ಬೇರೆಯವರ ಪಾಲಾಗುತ್ತಿತ್ತು. ನಿರ್ಧಾರ ಮಾಡಿದ್ದು ಯಜಮಾನ. ಶಿಕ್ಷೆ ಅನುಭವಿಸಿದ್ದು ಹೆಂಡತಿ, ಮಕ್ಕಳು, ಮುದುಕಿ ತಾಯಿ, ಮತ್ತೆ ಆ ಗದ್ದೆಯ ಕೆಲಸವನ್ನೇ ನಂಬಿಕೊಂಡಿದ್ದ ಆಳುಗಳು. "ಶಿಕ್ಷೆಗೆ ನಾನು ಸಿದ್ಧ" ಎಂದು ಒಬ್ಬ ಹೇಳಿದರೆ ಈ ಎಲ್ಲರ ಪರವಾಗಿ ಹೇಳಿದ ಹಾಗಾಗುತ್ತದೆಯೇ? ನನ್ನ ಮಟ್ಟಿಗೆ, ಇಲ್ಲ. ಕಾನೂನು ಭಂಗವನ್ನು ಅಳೆಯುವಾಗ ನಷ್ಟ ಎಷ್ಟು ಎನ್ನುವುದರ ಜೊತೆಗೆ ಅದು ಯಾರ ತಲೆಗೆ ಬರುತ್ತದೆ, ಅವರನ್ನು ಯಾರಾದರೂ ಕೇಳಿದರೇ ಎಂಬುದನ್ನೂ ಬರೆಯಬೇಕು. ನಮ್ಮ ಉತ್ತರಗಳಲ್ಲಿ ಇದು ಯಾರೂ ಬರೆದಿರಲಿಲ್ಲ.

ಈಗ ಸಿದ್ಧಾಂತದ ಕಡೆಗೆ. ಅಮೆರಿಕದ ತತ್ತ್ವಜ್ಞ ಜಾನ್ ರಾಲ್ಸ್ 1971ರಲ್ಲಿ ಕೊಟ್ಟ ವಿವರಣೆ ಎಲ್ಲಾ ಪಠ್ಯದಲ್ಲೂ ಇರುತ್ತದೆ. ಕೃತ್ಯ ಬಹಿರಂಗವಾಗಿರಬೇಕು, ಅಹಿಂಸೆಯಿಂದ ಕೂಡಿರಬೇಕು, ಮನಸ್ಸಾಕ್ಷಿಗೆ ಒಪ್ಪಿ ಮಾಡಿದ್ದಾಗಿರಬೇಕು, ಕಾನೂನನ್ನೋ ಸರ್ಕಾರದ ನೀತಿಯನ್ನೋ ಬದಲಿಸುವ ಉದ್ದೇಶ ಇರಬೇಕು. ಅದು ಸರಿ ಎನ್ನಿಸಿಕೊಳ್ಳಲು ಅನ್ಯಾಯ ದೊಡ್ಡದಾಗಿ, ಸ್ಪಷ್ಟವಾಗಿ ಇರಬೇಕು, ಮಾಮೂಲಿ ದಾರಿಗಳಲ್ಲಿ ಕೇಳಿ ಸೋತಿರಬೇಕು. ಇಷ್ಟನ್ನು ಬಾಯಿಪಾಠ ಮಾಡುತ್ತೇವೆ. ಆದರೆ ರಾಲ್ಸ್ ಹಾಕಿದ ಮೊದಲ ಷರತ್ತನ್ನು ಮರೆಯುತ್ತೇವೆ: ಈ ಮಾತು ಹೆಚ್ಚುಕಡಿಮೆ ನ್ಯಾಯವಾಗಿ ನಡೆಯುವ ಪ್ರಜಾಪ್ರಭುತ್ವಕ್ಕೆ ಮಾತ್ರ. ಅಲ್ಲಿ ಜನರಿಗೆಲ್ಲ ಒಪ್ಪಿಗೆಯಾದ ನ್ಯಾಯದ ಕಲ್ಪನೆ ಒಂದಿರುತ್ತದೆ, ಕಾನೂನು ಮುರಿಯುವವನು ಅದಕ್ಕೇ ಮೊರೆ ಇಡುತ್ತಾನೆ.

1930ರ ಅಂಕೋಲೆ ಅಂಥ ಊರಲ್ಲ. ಕಾನೂನು ಮಾಡುವವರನ್ನು ಆರಿಸುವ ಹಕ್ಕು ಹೆಚ್ಚಿನವರಿಗೆ ಇರಲಿಲ್ಲ. ಹಾಗಿದ್ದರೆ ಕಾನೂನು ಪಾಲಿಸುವ ಹೊಣೆಯೇ ಸಡಿಲ ಅಲ್ವಾ? ಹೌದು, ಆ ಲೆಕ್ಕದಲ್ಲಿ ಅವರ ಕೃತ್ಯವನ್ನು ಸಮರ್ಥಿಸುವುದು ಇನ್ನೂ ಸುಲಭ. ವಿಚಿತ್ರ ಎಂದರೆ, ಆ ಸರ್ಕಾರಕ್ಕೆ ಯಾವ ನಿಷ್ಠೆಯ ಋಣವೂ ಇಲ್ಲದಿದ್ದರೂ ಸತ್ಯಾಗ್ರಹಿಗಳು ಶಿಕ್ಷೆಯನ್ನು ತಪ್ಪಿಸಿಕೊಳ್ಳಲಿಲ್ಲ. ರಾಲ್ಸ್‌ನಲ್ಲಿ ಶಿಕ್ಷೆ ಒಪ್ಪುವುದು ಸಂವಿಧಾನದ ಮೇಲಿನ ಗೌರವದ ಗುರುತು. ಗಾಂಧೀಜಿಗೆ ಅದು ಎದುರಾಳಿಯ ಮನಸ್ಸನ್ನು ತಟ್ಟುವ ಸಾಧನ. ಹೊರಗಿನಿಂದ ಒಂದೇ ಕಂಡರೂ ಕಾರಣ ಬೇರೆ. ಉತ್ತರದಲ್ಲಿ ಇಬ್ಬರನ್ನೂ ಕಲಸಿ ಬರೆಯಬೇಡಿ.

ಸ್ವಾತಂತ್ರ್ಯದ ನಂತರ ಏನು? 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ನೇರವಾಗಿ ಹೇಳಿದರು. ಸಂವಿಧಾನದ ದಾರಿ ಮುಚ್ಚಿದ್ದಾಗ ಕಾನೂನು ಭಂಗ, ಸತ್ಯಾಗ್ರಹಗಳಿಗೆ ಒಂದು ಸಮರ್ಥನೆ ಇತ್ತು, ಆ ದಾರಿ ತೆರೆದ ಮೇಲೆ ಅವನ್ನು ಬಿಡಬೇಕು, ಇಲ್ಲದಿದ್ದರೆ ಅದು ಅರಾಜಕತೆಯ ವ್ಯಾಕರಣ ಎಂದು. ಈ ಮಾತನ್ನು ಸುಮ್ನೆ ಬದಿಗೆ ಸರಿಸಲು ಆಗುವುದಿಲ್ಲ. ನನಗೆ ಅನ್ನಿಸುವುದು, ಬಾಗಿಲು ತೆರೆದಿದೆ ಎಂದು ಕಾಗದದಲ್ಲಿ ಇರುವುದು ಒಂದು, ತಟ್ಟಿದಾಗ ಹೊತ್ತಿಗೆ ಸರಿಯಾಗಿ ತೆರೆಯುವುದು ಇನ್ನೊಂದು. 1983ರ ಸೆಪ್ಟೆಂಬರ್ 8ರಂದು ನಮ್ಮ ಶಿರಸಿ ಬಳಿಯ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡರು. ಕಡಿಯುವವರಿಗೆ ಸರ್ಕಾರದ ಒಪ್ಪಿಗೆಯೇ ಇತ್ತು. ಕೋರ್ಟಿನ ತೀರ್ಪಿಗೆ ಎರಡು ವರ್ಷ ಕಾಯಬಹುದು, ಆದರೆ ಅಷ್ಟರಲ್ಲಿ ನೂರು ವರ್ಷದ ಮರ ನಾಟಾ ಆಗಿ ಲಾರಿ ಹತ್ತಿರುತ್ತದೆ. ಹಾನಿ ಮರಳಿ ಸರಿಪಡಿಸಲಾಗದ್ದಾದರೆ ಅಂಬೇಡ್ಕರ್ ಮಾತಿಗೆ ಸಣ್ಣ ವಿನಾಯಿತಿ ಕೇಳಬಹುದು ಎಂಬುದು ನನ್ನ ವಾದ. ಹಾನಿ ಸರಿಪಡಿಸಬಹುದಾದದ್ದಾದರೆ, ಕಾಯುವುದೇ ಸರಿ.

ಮತ್ತೆ ತೀರ್ವೆಗೆ ಬರೋಣ, ಯಾಕೆಂದರೆ ಗಂಟು ಉಳಿದಿರುವುದು ಅಲ್ಲಿ. 1931ರ ಮಾರ್ಚ್ 5ರ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ ಉಪ್ಪಿನವರಿಗೆ ಸ್ವಲ್ಪ ಸಿಕ್ಕಿತು. ಕಾಯ್ದೆ ಹೋಗಲಿಲ್ಲ, ಆದರೆ ಉಪ್ಪು ಸಿಗುವ ಕಡೆಯ ಹಳ್ಳಿಯವರು ಮನೆಗೆ ಬೇಕಾದಷ್ಟು ಮಾಡಿಕೊಂಡು, ತಮ್ಮ ಹಳ್ಳಿಗಳೊಳಗೆ ಮಾರಲೂ ಬಿಟ್ಟರು. ಜಮೀನಿನವರಿಗೆ ಮಾತ್ರ ಕಹಿ. ಸರ್ಕಾರದ ಕೈಯಲ್ಲೇ ಉಳಿದದ್ದನ್ನು ಮರಳಿ ಕೊಡಬಹುದು, ಮೂರನೆಯವರಿಗೆ ಮಾರಿಹೋದದ್ದು ಸರ್ಕಾರದ ಮಟ್ಟಿಗೆ ಮುಗಿದ ವ್ಯವಹಾರ ಎಂದು ಒಪ್ಪಂದ ಹೇಳಿತು. 1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ನಂತರವೇ ಅಂಥ ಜಮೀನು ಮರಳಿಸುವ ಕೆಲಸ ಆಯಿತು.

ಆ ನಡುವೆ ಊರಲ್ಲಿ ಏನಾಯಿತು? ಕೊಂಡವನೂ ಪಕ್ಕದ ಮನೆಯವನೇ. ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಲ್ಲಿ ಹೆಂಗಸರು ಅಂಥ ಜಮೀನು ಕೊಂಡವರ ಮನೆ ಮುಂದೆ ಉಪವಾಸ ಕೂತರು. ಅವರ ನೆನಪಿಗೆ ಅಲ್ಲಿ ಸ್ಮಾರಕ ಇದೆ. ನಾವು ಅದನ್ನು ಹೆಮ್ಮೆಯಿಂದ ಓದುತ್ತೇವೆ, ನನಗೂ ಹೆಮ್ಮೆಯೇ. ಆದರೆ ಒಂದು ಪ್ರಶ್ನೆ ಬಿಡುವುದಿಲ್ಲ. ಕೊಂಡವನು ಯಾವ ಕಾನೂನನ್ನೂ ಮುರಿದಿರಲಿಲ್ಲ. ಅವನ ಬಾಗಿಲಲ್ಲಿ ಅನ್ನ ಬಿಟ್ಟು ಕೂತರೆ ಅದು ಮನಸ್ಸು ಒಲಿಸುವುದೋ, ಒತ್ತಾಯವೋ? ಕೈ ಎತ್ತಲಿಲ್ಲ ಎಂದ ಮಾತ್ರಕ್ಕೆ ಒತ್ತಾಯ ಇರಲಿಲ್ಲ ಎನ್ನಲಾಗದು. ನನ್ನ ಉತ್ತರ ಹೀಗಿದೆ: ಆ ಲಿಲಾವು ನಡೆಯಬೇಕಾದರೆ ಕೊಳ್ಳುವವನೊಬ್ಬ ಬೇಕೇ ಬೇಕು. ನೆರೆಯವನ ಗದ್ದೆ ಹೋದದ್ದು ಯಾಕೆಂದು ಗೊತ್ತಿದ್ದೂ ಕೂಗಿದವನು ಪೂರ್ತಿ ಹೊರಗಿನವನಲ್ಲ. ಆದ್ದರಿಂದ ಅವನನ್ನು ಕೇಳುವ ಹಕ್ಕು ಇದೆ. ಅವನ ಬಾವಿ ನೀರು, ಮಕ್ಕಳ ಮದುವೆ, ಮನೆಯ ಸಾವಿನ ಕಾರ್ಯ ತಡೆಯುವ ಹಕ್ಕು ಇಲ್ಲ. ಗೆರೆ ಇದರ ನಡುವೆ ಎಲ್ಲೋ ಇದೆ.

ಗುಂಪಿನಲ್ಲಿ ಇದನ್ನು ಓದಿದಾಗ ಸಿದ್ದಾಪುರದ ಕಡೆಯ ಗೆಳತಿ ಒಪ್ಪಲಿಲ್ಲ. "ಬರಗೆಟ್ಟವನೊಬ್ಬ ಕಡಿಮೆ ಬೆಲೆಗೆ ಸಿಕ್ಕಿತು ಅಂತ ಎರಡು ಗುಂಟೆ ಕೊಂಡಿದ್ದರೆ? ಅವನಿಗೆ ಅದು ಜೀವಮಾನದಲ್ಲಿ ಸಿಕ್ಕ ಮೊದಲ ಗದ್ದೆ ಆಗಿದ್ದರೆ?" ಎಂದು ಕೇಳಿದಳು. ಮುಂದಿನ ಭಾನುವಾರ ಅವಳೇ ಆ ಭಾಗ ಬರೆದು ತರುತ್ತಾಳೆ.